ಚೀಟಿಯ ಬೆನ್ನ ಮೇಲೆ ತಪ್ಪು ಉತ್ತರ: ಸಂಜೆ ಪಾಠದ ಕಳೆಯುವ ಆಟದ ರಿಪೇರಿ

ಆಟ ಹಳೆಯದೇ. ರಟ್ಟಿನ ಚೀಟಿಯ ಮುಂದೆ ಒಂದು ಕಳೆಯುವ ಲೆಕ್ಕ, ಹಿಂದೆ ಉತ್ತರ. ಇಬ್ಬರು ಮಕ್ಕಳು ಎದುರುಬದುರು ಕೂರುತ್ತಾರೆ. ಒಬ್ಬರು ಚೀಟಿ ತೋರಿಸಿ ಕೇಳಬೇಕು, ಇನ್ನೊಬ್ಬರು ಬಿಡಿಸಬೇಕು. ಹತ್ತು ನಿಮಿಷದ ಮೇಲೆ ಪಾತ್ರ ಅದಲುಬದಲು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಪಾಠ ಹೇಳುವ ಸಂಜೆಯ ಉಚಿತ ಕೇಂದ್ರಕ್ಕೆ ಇದಕ್ಕಿಂತ ಸುಲಭದ ಏರ್ಪಾಡು ಸಿಗುವುದಿಲ್ಲ.

ಆದರೆ ಈ ರೂಪದಲ್ಲಿ ಆಟ ಒಂದು ಕಡೆ ಕೆಟ್ಟು ನಿಲ್ಲುತ್ತದೆ. ಬಿಡಿಸುವ ಮಗು ತಪ್ಪು ಹೇಳಿದಾಗ ಕೇಳುವ ಮಗುವಿಗೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಅದರ ಕೈಯಲ್ಲಿರುವುದು ಸರಿ ಉತ್ತರ ಒಂದೇ. ಹಾಗಾಗಿ "ತಪ್ಪು" ಅನ್ನುತ್ತದೆ, ಎದುರಿನ ಮಗು ಇನ್ನೊಂದು ಸಂಖ್ಯೆ ಊಹಿಸುತ್ತದೆ, ಮತ್ತೆ "ತಪ್ಪು", ಮೂರನೇ ಸಲಕ್ಕೆ ಉತ್ತರವನ್ನೇ ಹೇಳಿಬಿಡುತ್ತದೆ. ಚೀಟಿ ಮುಗಿಯಿತು, ತಪ್ಪು ಹಾಗೇ ಉಳಿಯಿತು. ಮನೆಯಲ್ಲಿ ಓದಿದವರಿದ್ದರೆ ರಾತ್ರಿ ನೋಟ್ ಬುಕ್ ತೆರೆದಾಗ ಯಾರಾದರೂ ಅದನ್ನು ಹಿಡಿಯುತ್ತಾರೆ. ಮನೆಯಲ್ಲಿ ತಾನೇ ಮೊದಲು ಶಾಲೆಯ ಮೆಟ್ಟಿಲು ಹತ್ತಿದ ಮಗುವಿಗೆ ಆ ಎರಡನೇ ಅವಕಾಶ ಇಲ್ಲ. ಈ ಸಂಜೆ ಸರಿಯಾಗದ ತಪ್ಪನ್ನು ನಾಳೆ ಶಾಲೆಯಲ್ಲೂ ಅದೇ ವಿಶ್ವಾಸದಿಂದ ಮಾಡುತ್ತದೆ. ರಿಪೇರಿ ಆಗಬೇಕಾದ ಜಾಗ ಇದೇ: ತಪ್ಪು ಉತ್ತರ ಬಂದ ಕ್ಷಣದಲ್ಲಿ ಕೇಳುವ ಮಗುವಿನ ಬಾಯಿಗೆ ಸರಿಯಾದ ಪ್ರಶ್ನೆ ಬರಬೇಕು.

ಅದಕ್ಕೆ ಮಾಡಿದ ಬದಲಾವಣೆ ಚಿಕ್ಕದು. ಚೀಟಿಯ ಹಿಂದೆ ಸರಿ ಉತ್ತರದ ಕೆಳಗೆ ಮಕ್ಕಳು ಸಾಮಾನ್ಯವಾಗಿ ಹೇಳುವ ತಪ್ಪು ಉತ್ತರಗಳನ್ನೂ ಬರೆದು, ಒಂದೊಂದರ ಪಕ್ಕ ಒಂದು ಗುರುತು ಹಾಕುವುದು. ಗುರುತಿಗೆ ತಕ್ಕ ಪ್ರಶ್ನೆ ಪಕ್ಕದಲ್ಲಿ ನಿಲ್ಲಿಸಿದ ಇನ್ನೊಂದು ರಟ್ಟಿನ ಮೇಲಿರುತ್ತದೆ.

ತಪ್ಪು ಉತ್ತರ ಮೊದಲೇ ಗೊತ್ತಾಗುವುದು ಹೇಗೆ

ಕಳೆಯುವ ಲೆಕ್ಕದಲ್ಲಿ ಮಕ್ಕಳ ತಪ್ಪು ಕುರುಡು ಏಟಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಇದನ್ನೇ ಬಿಡಿಸಿ ತೋರಿಸಿದರು: ಬಹಳಷ್ಟು ಮಕ್ಕಳು ತಮ್ಮದೇ ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತಿರುತ್ತಾರೆ, ಆ ನಿಯಮವೇ ತಪ್ಪಾಗಿರುತ್ತದೆ. ನಿಯಮ ಗೊತ್ತಿದ್ದರೆ ಮಗು ಯಾವ ಸಂಖ್ಯೆ ಹೇಳುತ್ತದೆ ಎಂಬುದನ್ನು ಮುಂಚೆಯೇ ಲೆಕ್ಕ ಹಾಕಬಹುದು.

ಎರಡಂಕಿಯ ಲೆಕ್ಕದಲ್ಲಿ ಹೆಚ್ಚು ಕಾಣುವುದು ಎರಡು ನಿಯಮ. 52ರಲ್ಲಿ 28 ಕಳೆಯಬೇಕು ಅಂದುಕೊಳ್ಳಿ. ಸರಿ ಉತ್ತರ 24. ಮೊದಲ ನಿಯಮದ ಮಗು ಬಿಡಿ ಸ್ಥಾನದಲ್ಲಿ 2 ಮತ್ತು 8 ನೋಡಿ, ದೊಡ್ಡದರಲ್ಲಿ ಚಿಕ್ಕದನ್ನು ಕಳೆದು 6 ಬರೆಯುತ್ತದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋಗಿ 3. ಉತ್ತರ 36. ಎರಡನೇ ನಿಯಮದ ಮಗುವಿಗೆ ಸಾಲ ತರಬೇಕೆಂದು ಗೊತ್ತು. 12ರಲ್ಲಿ 8 ಕಳೆದು 4 ಬರೆಯುತ್ತದೆ, ಆದರೆ ಕೊಟ್ಟವನ ಹತ್ತಿರ ಒಂದು ಕಮ್ಮಿಯಾಗಿದೆ ಎಂಬುದು ಮರೆತು 5ರಲ್ಲೇ 2 ಕಳೆಯುತ್ತದೆ. ಉತ್ತರ 34.

ಎರಡೂ ತಪ್ಪೇ, ಆದರೆ ಮದ್ದು ಬೇರೆ ಬೇರೆ. 36 ಹೇಳಿದ ಮಗುವಿಗೆ ಬಿಡಿ ಸಾಲದಿದ್ದಾಗ ಏನು ಮಾಡಬೇಕೆಂಬುದೇ ಗೊತ್ತಿಲ್ಲ. 34 ಹೇಳಿದ ಮಗುವಿಗೆ ಅದು ಗೊತ್ತು, ಕೊನೆಯ ಒಂದು ಹೆಜ್ಜೆ ಮಾತ್ರ ತಪ್ಪಿದೆ. ಇವರಿಬ್ಬರಿಗೂ ಒಂದೇ ಪಾಠ ಮೊದಲಿಂದ ಹೇಳಿದರೆ ಎರಡನೆಯವರಿಗೆ ಬೇಸರ, ಮೊದಲನೆಯವರಿಗೆ ಅವಸರ.

ಮೊದಲ ಕಟ್ಟು ಯಾಕೆ ಕೈಕೊಟ್ಟಿತು

ಮೊದಲ ಸಲ ಮಾಡಿದ ಚೀಟಿಗಳಲ್ಲಿ ಲೆಕ್ಕಗಳನ್ನು ಮನಸ್ಸಿಗೆ ಬಂದ ಹಾಗೆ ಆರಿಸಲಾಗಿತ್ತು. 52 − 27, 61 − 36, 70 − 35 ಇಂಥವು. ಹಿಂದೆ ತಪ್ಪು ಉತ್ತರ ಬರೆಯಲು ಕೂತಾಗ ಗೊತ್ತಾಯಿತು, ಇವು ಕೆಲಸಕ್ಕೆ ಬರುವುದಿಲ್ಲ ಎಂದು.

52 − 27 ನೋಡಿ. ದೊಡ್ಡದರಲ್ಲಿ ಚಿಕ್ಕದು ಕಳೆಯುವ ಮಗು: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಉತ್ತರ 35. ಕಮ್ಮಿ ಮಾಡಲು ಮರೆಯುವ ಮಗು: 12ರಲ್ಲಿ 7 ಹೋದರೆ 5, 5ರಲ್ಲಿ 2 ಹೋದರೆ 3. ಉತ್ತರ ಅದೇ 35! ಎರಡು ಬೇರೆ ತಪ್ಪು ಒಂದೇ ಬಾಗಿಲಿಂದ ಹೊರಗೆ ಬರುತ್ತವೆ. ಚೀಟಿಯ ಹಿಂದೆ 35ರ ಪಕ್ಕ ಯಾವ ಗುರುತು ಹಾಕಬೇಕು?

ಕಾರಣ ಸರಳ. ಕೆಳಗಿನ ಬಿಡಿ ಅಂಕಿ ಮೇಲಿನದಕ್ಕಿಂತ ಸರಿಯಾಗಿ 5 ಹೆಚ್ಚಿದ್ದರೆ, ಸಾಲ ತಂದು ಕಳೆದರೂ 5, ತಲೆಕೆಳಗಾಗಿ ಕಳೆದರೂ 5. ಆದ್ದರಿಂದ ಚೀಟಿ ಆರಿಸುವ ನಿಯಮ ಒಂದೇ: ಬಿಡಿ ಅಂಕಿಗಳ ವ್ಯತ್ಯಾಸ 5 ಇರುವ ಲೆಕ್ಕವನ್ನು ಬಿಟ್ಟುಬಿಡಿ. 7 ಮತ್ತು 2, 6 ಮತ್ತು 1, 8 ಮತ್ತು 3, 9 ಮತ್ತು 4, 5 ಮತ್ತು 0, ಈ ಐದು ಜೋಡಿ ಬೇಡ. ಉಳಿದ ಎಲ್ಲದರಲ್ಲೂ ಎರಡು ತಪ್ಪು ಬೇರೆ ಬೇರೆಯಾಗಿ ಬೀಳುತ್ತವೆ. ಅಂಗಡಿಯಲ್ಲಿ ಸಿಗುವ ಲೆಕ್ಕದ ಚೀಟಿಗಳನ್ನು ಹೀಗೆ ಬಳಸಲು ಹೋಗುವವರು ಮೊದಲು ಇದನ್ನು ನೋಡಿ ಸೋಸಿಕೊಳ್ಳಬೇಕು.

ಹೊಸ ಕಟ್ಟಿನ ಕೆಲವು ಚೀಟಿಗಳು ಇಲ್ಲಿವೆ. ▲ ಅಂದರೆ ದೊಡ್ಡದರಲ್ಲಿ ಚಿಕ್ಕದು ಕಳೆದ ತಪ್ಪು, ● ಅಂದರೆ ಹತ್ತರ ಸ್ಥಾನದಲ್ಲಿ ಕಮ್ಮಿ ಮಾಡದ ತಪ್ಪು.

52 − 28: ಸರಿ 24, ▲ 36, ● 34
61 − 34: ಸರಿ 27, ▲ 33, ● 37
83 − 46: ಸರಿ 37, ▲ 43, ● 47
94 − 68: ಸರಿ 26, ▲ 34, ● 36
75 − 19: ಸರಿ 56, ▲ 64, ● 66

ಬಿಡಿ ಸ್ಥಾನದಲ್ಲಿ ಸೊನ್ನೆ ಇರುವ ಲೆಕ್ಕಕ್ಕೆ ಇನ್ನೊಂದು ತಪ್ಪು ಸೇರುತ್ತದೆ. "ಸೊನ್ನೆಯಲ್ಲಿ ಏನೂ ಇಲ್ಲ, ಹಾಗಾದರೆ ಸೊನ್ನೆಯೇ" ಎಂದು ಸೊನ್ನೆ ಬರೆದುಬಿಡುವುದು. ಅದಕ್ಕೆ ■ ಗುರುತು.

60 − 24: ಸರಿ 36, ▲ 44, ● 46, ■ 40
80 − 52: ಸರಿ 28, ▲ 32, ● 38, ■ 30

ಬರೆದ ಮೇಲೆ ಪ್ರತಿ ಚೀಟಿಯ ಸರಿ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿಸಿ ನೋಡಿ, ಮೇಲಿನ ಸಂಖ್ಯೆ ಬರಬೇಕು. ● ಉತ್ತರ ಯಾವಾಗಲೂ ಸರಿ ಉತ್ತರಕ್ಕಿಂತ 10 ಹೆಚ್ಚು, ಇದು ಎರಡನೇ ತಾಳೆ. ಇದನ್ನು ಉದಾಸೀನ ಮಾಡಬಾರದು. ಹಿಂದೆ ತಪ್ಪು ಬರೆದ ಒಂದೇ ಒಂದು ಚೀಟಿ ಸಿಕ್ಕಿದರೂ, ಸರಿಯಾಗಿ ಬಿಡಿಸಿದ ಮಗುವಿಗೆ ಇನ್ನೊಂದು ಮಗು "ತಪ್ಪು" ಅನ್ನುತ್ತದೆ. ತನ್ನ ಲೆಕ್ಕವನ್ನು ಈಗಷ್ಟೇ ನಂಬಲು ಶುರು ಮಾಡಿದ ಮಗು ಅಲ್ಲೇ ಹಿಂದೆ ಸರಿಯುತ್ತದೆ.

ಚೀಟಿ ಮಾಡುವುದು

ಒಂದು ಜೋಡಿಗೆ 24 ಚೀಟಿ ಸಾಕು. ಒಂದು ಎ4 ಹಾಳೆಯನ್ನು 7 ಸೆಂ.ಮೀ ಅಗಲದ ನಾಲ್ಕು ಪಟ್ಟಿಯಾಗಿ ಕತ್ತರಿಸಿ. ಪಟ್ಟಿಯ ಉದ್ದ 20 ಸೆಂ.ಮೀ.ಗೆ ಸರಿ ಮಾಡಿ ನಡುವೆ ಮಡಚಿದರೆ 10 ಸೆಂ.ಮೀ.ನ ಒಂದು ಚೀಟಿ. ಆರು ಹಾಳೆಯಲ್ಲಿ ಒಂದು ಕಟ್ಟು ಮುಗಿಯುತ್ತದೆ. ಲೆಕ್ಕ ಒಂದು ಅರ್ಧದಲ್ಲಿ, ಉತ್ತರಗಳು ಇನ್ನೊಂದು ಅರ್ಧದಲ್ಲಿ. ಮಡಿಕೆಯ ನಡುವೆ ಹಳೆಯ ಪೆಟ್ಟಿಗೆಯ ರಟ್ಟಿನ ತುಂಡನ್ನು ಇಟ್ಟು ಅಂಟಿಸಬೇಕು.

ಮಡಚುವ ಪಟ್ಟಿಯೇ ಯಾಕೆ ಅಂದರೆ, ಮುಂದಿನ ಹಾಳೆ ಬೇರೆ ಹಿಂದಿನ ಹಾಳೆ ಬೇರೆ ಬರೆದು ಅಂಟಿಸಿದರೆ ಇಪ್ಪತ್ತನಾಲ್ಕರಲ್ಲಿ ಒಂದೆರಡು ಅದಲುಬದಲಾಗದೆ ಇರುವುದಿಲ್ಲ. ಒಂದೇ ಪಟ್ಟಿಯಲ್ಲಿ ಬರೆದರೆ ಲೆಕ್ಕ ಮತ್ತು ಉತ್ತರ ಒಂದನ್ನೊಂದು ಬಿಟ್ಟು ಹೋಗಲಾರವು. ನಡುವಿನ ರಟ್ಟು ಗಟ್ಟಿತನಕ್ಕಷ್ಟೇ ಅಲ್ಲ. ಸಂಜೆ ಹೊತ್ತು, ತಲೆಯ ಮೇಲೆ ಒಂದು ದೀಪ. ತೆಳು ಕಾಗದದ ಚೀಟಿಯನ್ನು ಕೇಳುವ ಮಗು ಮೇಲೆತ್ತಿ ಹಿಡಿದರೆ ಬೆನ್ನ ಮೇಲಿನ ಉತ್ತರ ಎದುರಿನ ಮಗುವಿಗೆ ತಿರುಗುಮುರುಗಾಗಿ ಕಾಣುತ್ತದೆ, ಮಕ್ಕಳು ಅದನ್ನು ಓದಲು ಎರಡೇ ದಿನದಲ್ಲಿ ಕಲಿಯುತ್ತಾರೆ. ಬಿಳಿ ರಟ್ಟಿಗಿಂತ ಕಂದು ರಟ್ಟು ಒಳ್ಳೆಯದು. ಮಾಡಿದ ಚೀಟಿಯನ್ನು ದೀಪಕ್ಕೆ ಹಿಡಿದು ನೋಡಿಯೇ ಪೆಟ್ಟಿಗೆಗೆ ಹಾಕಿ.

ಮುಂದಿನ ಬದಿಯಲ್ಲಿ ಲೆಕ್ಕವನ್ನು ಅಡ್ಡವಾಗಿ ಬರೆಯಬೇಡಿ, ಒಂದರ ಕೆಳಗೊಂದು ಬರೆಯಿರಿ. ಅಡ್ಡವಾಗಿದ್ದರೆ ಮಗು ನೋಟ್ ಬುಕ್ಕಿಗೆ ಇಳಿಸುವಾಗಲೇ ಸ್ಥಾನ ತಪ್ಪಿಸುತ್ತದೆ, ಆಮೇಲೆ ಬರುವ ತಪ್ಪು ಯಾವ ಗುರುತಿಗೂ ಹೊಂದುವುದಿಲ್ಲ. ಹಿಂದಿನ ಬದಿಯಲ್ಲಿ ಸರಿ ಉತ್ತರ ದೊಡ್ಡದಾಗಿ ಮೇಲೆ, ಅದರ ಸುತ್ತ ಒಂದು ಚೌಕ. ತಪ್ಪು ಉತ್ತರಗಳು ಕೆಳಗೆ ಚಿಕ್ಕದಾಗಿ, ಗುರುತಿನ ಜೊತೆ. ಎಲ್ಲವನ್ನೂ ಒಂದೇ ಗಾತ್ರದಲ್ಲಿ ಬರೆದರೆ ಅವಸರದಲ್ಲಿ 36ನ್ನೇ ಸರಿ ಎಂದು ಓದುವ ಅಪಾಯ ಇದೆ.

24ರಲ್ಲಿ ಸಾಲ ಬೇಕಾದವು 12, ಸೊನ್ನೆ ಇರುವವು 4, ಸಾಲವೇ ಬೇಡದವು 8. ಈ ಕೊನೆಯ ಎಂಟನ್ನು ಬಿಡಬಾರದು. ಬರೀ ಸಾಲದ ಲೆಕ್ಕವೇ ಆಡಿದ ಮಕ್ಕಳು ಒಂದು ವಾರದಲ್ಲಿ ಎಲ್ಲ ಕಡೆ ಸಾಲ ತರಲು ಶುರು ಮಾಡುತ್ತಾರೆ. 68 − 24ಕ್ಕೂ 8ನ್ನು 18 ಮಾಡಿ, 14 ಬರೆದು, ಪಕ್ಕದಲ್ಲಿ 3 ಬರೆದು 314 ಎಂದು ಹೇಳುತ್ತಾರೆ. ಇಂಥ ಚೀಟಿಯ ಹಿಂದೆ 44ರ ಕೆಳಗೆ 314 ಬರೆದು ◆ ಗುರುತು ಹಾಕಿಡಬೇಕು.

ಕಡ್ಡಿ ಮತ್ತು ಕಟ್ಟು

ಗುರುತು ನೋಡಿದ ಮೇಲೆ ಕೇಳುವ ಪ್ರಶ್ನೆಗಳೆಲ್ಲ ಕಡ್ಡಿಯ ಮೇಲೆ ನಿಂತಿವೆ. ಒಂದು ಜೋಡಿಗೆ ಹತ್ತು ಕಡ್ಡಿಯ 9 ಕಟ್ಟು, 9 ಬಿಡಿ ಕಡ್ಡಿ, ಒಟ್ಟು 99. ಕಟ್ಟನ್ನು ರಬ್ಬರ್ ಬ್ಯಾಂಡಿನಿಂದ ಎರಡೇ ಸುತ್ತು ಕಟ್ಟಬೇಕು. ದಾರ ಬೇಡ. ಗಂಟು ಬಿಚ್ಚಲು ಅರ್ಧ ನಿಮಿಷ ಹಿಡಿದರೆ ಮಗು ಬಿಚ್ಚುವುದನ್ನೇ ಬಿಟ್ಟು ಬೆರಳಲ್ಲಿ ಎಣಿಸುತ್ತದೆ, ಕಲಿಯಬೇಕಾದ ಕೆಲಸವೇ ತಪ್ಪಿಹೋಗುತ್ತದೆ. ಕಟ್ಟನ್ನು ಬಿಚ್ಚುವ ಆ ಕ್ಷಣವೇ ಈ ಆಟದ ಪಾಠ.

ಸಾಲ ಎಂಬ ಮಾತನ್ನೂ ಬದಲಿಸಿದರೆ ಒಳ್ಳೆಯದು. ಸಾಲ ಅಂದ ಮೇಲೆ ವಾಪಸ್ಸು ಕೊಡಬೇಕಲ್ಲ, ಯಾವಾಗ ಕೊಡುವುದು ಎಂದು ಮಕ್ಕಳು ಕೇಳುತ್ತಾರೆ, ಕೇಳುವುದು ಸರಿಯೇ. ಇಲ್ಲಿ ಯಾರೂ ಯಾರಿಗೂ ಏನೂ ವಾಪಸ್ಸು ಕೊಡುವುದಿಲ್ಲ. ಇರುವ ಕಟ್ಟೊಂದನ್ನು ಬಿಡಿ ಮಾಡಿಕೊಳ್ಳುತ್ತೇವೆ, ಅಷ್ಟೇ. "ಕಟ್ಟು ಬಿಚ್ಚು" ಅಂದರೆ ಮಾತೂ ಕೈಯ ಕೆಲಸವೂ ಒಂದೇ ಆಗುತ್ತದೆ. ಶಾಲೆಯಲ್ಲಿ ಸಾಲ ಎಂದು ಹೇಳಿದಾಗ ಅದೂ ಇದೇ ಎಂದು ಒಮ್ಮೆ ತಿಳಿಸಿದರೆ ಸಾಕು.

ಕಡ್ಡಿಯಲ್ಲಿ ದಿನವೂ ಆಗುವ ಕೆಡುಕು ಒಂದಿದೆ. ಆಟ ಮುಗಿದು ಮತ್ತೆ ಕಟ್ಟುವಾಗ ಯಾವುದೋ ಕಟ್ಟಿಗೆ 9 ಅಥವಾ 11 ಸೇರುತ್ತದೆ. ಮರುದಿನ ಮಗು ಎಲ್ಲ ಸರಿಯಾಗಿ ಮಾಡಿದರೂ ಕಡ್ಡಿಯಲ್ಲಿ 23 ಬರುತ್ತದೆ, ಚೀಟಿಯಲ್ಲಿ 24 ಇರುತ್ತದೆ. ಆಗ ಮಗು ಬಿಟ್ಟುಕೊಡುವುದು ಕಡ್ಡಿಯನ್ನು. ಇದಕ್ಕೆ ಒಂದು ಅಳತೆಯ ತಟ್ಟೆ ಮಾಡಿ. ಐಸ್ ಕ್ರೀಂ ಕಡ್ಡಿಯಾದರೆ ಅಗಲ ಸುಮಾರು 1 ಸೆಂ.ಮೀ. ಹತ್ತು ಕಡ್ಡಿಯನ್ನು ಒತ್ತೊತ್ತಾಗಿ ಮಲಗಿಸಿ, ಆ ಅಗಲಕ್ಕೆ ಸರಿಯಾಗಿ ರಟ್ಟಿನ ಮೇಲೆ ಎರಡು ಕಡೆ ಏಣು ಅಂಟಿಸಿ. ಹತ್ತಿದ್ದರೆ ತಟ್ಟೆ ತುಂಬುತ್ತದೆ, ಒಂದು ಕಮ್ಮಿಯಿದ್ದರೆ ಜಾಗ ಕಾಣುತ್ತದೆ, ಒಂದು ಹೆಚ್ಚಿದ್ದರೆ ಹಿಡಿಸುವುದಿಲ್ಲ. ಎಣಿಸದೆ ಕಣ್ಣಲ್ಲೇ ಗೊತ್ತಾಗುವುದರಿಂದ ಮಕ್ಕಳೇ ಎರಡು ನಿಮಿಷದಲ್ಲಿ ಎಲ್ಲ ಕಟ್ಟು ನೋಡಿ ಮುಗಿಸುತ್ತಾರೆ.

ಹತ್ತು ಜೋಡಿಗೂ ಕಡ್ಡಿ ಮಾಡಲು ಆಗದಿದ್ದರೆ ನಾಲ್ಕು ಜೋಡಿಗೆ ಮಾಡಿ ಶುರು ಮಾಡಬಹುದು. ▲ ಮತ್ತು ■ ಹೆಚ್ಚು ಬೀಳುವವರಿಗೆ ಕಡ್ಡಿ, ● ಮಾತ್ರ ಬೀಳುವವರು ಹಾಳೆಯ ಮೇಲೆ ಕಟ್ಟಿಗೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕಿ ಹಾಕಿಕೊಂಡರೂ ನಡೆಯುತ್ತದೆ.

ಕೇಳುವವರ ಹಲಗೆ

ಗುರುತಿನ ಪ್ರಶ್ನೆಗಳ ರಟ್ಟನ್ನು ಕೇಳುವವರ ಹಲಗೆ ಎಂದು ಕರೆಯೋಣ. ಅದರಲ್ಲಿ ಇರುವುದೆಲ್ಲ ಪ್ರಶ್ನೆ, ವಿವರಣೆ ಒಂದೂ ಇಲ್ಲ. ಹತ್ತು ವರ್ಷದ ಮಗುವಿಗೆ ವಿವರಣೆ ಓದಿ ಹೇಳಲು ಕೊಟ್ಟರೆ ಅದು ಕಂಠಪಾಠ ಒಪ್ಪಿಸುತ್ತದೆ, ಎದುರಿನ ಮಗು ತಲೆಯಾಡಿಸುತ್ತದೆ.

▲ ಮೇಲಿನ ಬಿಡಿಯಷ್ಟೇ ಕಡ್ಡಿ ಕೈಯಲ್ಲಿ ಹಿಡಿ. ಕೆಳಗಿರುವಷ್ಟನ್ನು ನನಗೆ ಕೊಡು. ಆಗುತ್ತಾ?
● ಕಟ್ಟು ಬಿಚ್ಚಿದ ಮೇಲೆ ಎಷ್ಟು ಕಟ್ಟು ಉಳಿಯಿತು? ಎಣಿಸು.
■ ಕೈಯಲ್ಲಿ ಒಂದೂ ಬಿಡಿ ಇಲ್ಲ. ನನಗೆ ಕೊಡಬೇಕು. ಎಲ್ಲಿಂದ ತರುತ್ತೀ?
◆ ಕಟ್ಟು ಬಿಚ್ಚದೆ ಕೊಡಲು ಆಗುತ್ತಿತ್ತಾ?

ಹೇಳಿದ ಉತ್ತರ ಚೀಟಿಯ ಹಿಂದೆ ಎಲ್ಲೂ ಇಲ್ಲದಿದ್ದರೆ, ಕೇಳುವವರು ಹೇಳಬೇಕಾದ್ದು ಒಂದೇ: "ಕಡ್ಡಿಯಲ್ಲಿ ಮಾಡಿ ತೋರಿಸು." ಎಣಿಕೆಯಲ್ಲಿ ಒಂದು ಆಚೀಚೆ ಆದ ತಪ್ಪುಗಳು ಅಲ್ಲೇ ಸರಿಹೋಗುತ್ತವೆ. ಹತ್ತು ಕಮ್ಮಿಯಾಗಿ ಬರುವ ಉತ್ತರ, ಅಂದರೆ 52 − 28ಕ್ಕೆ 14, ಮತ್ತೆ ಮತ್ತೆ ಕಂಡರೆ ಪಾಠ ಹೇಳುವವರು ಬಂದು ನೋಡಬೇಕು. ಆ ಮಗುವಿಗೆ ಒಬ್ಬರು ಮೇಲಿನದರಲ್ಲಿ ಒಂದು ಕಮ್ಮಿ ಮಾಡು ಎಂದು ಕಲಿಸಿರುತ್ತಾರೆ, ಇನ್ನೊಬ್ಬರು ಕೆಳಗಿನದಕ್ಕೆ ಒಂದು ಕೂಡಿಸು ಎಂದು ಕಲಿಸಿರುತ್ತಾರೆ, ಮಗು ಎರಡನ್ನೂ ಮಾಡುತ್ತಿರುತ್ತದೆ. ಎರಡೂ ಸರಿಯಾದ ವಿಧಾನಗಳೇ, ಆದರೆ ಒಂದೇ ಲೆಕ್ಕದಲ್ಲಿ ಎರಡೂ ಬೇಡ. ಇದನ್ನು ಬಿಡಿಸಿ ಹೇಳುವುದು ಜೊತೆಯ ಮಗುವಿನ ಕೆಲಸವಲ್ಲ.

ಐದನೇ ತರಗತಿಯ ಹುಡುಗಿ ಕೇಳುತ್ತಿದ್ದಾಳೆ, ನಾಲ್ಕನೇ ತರಗತಿಯ ಹುಡುಗ ಬಿಡಿಸುತ್ತಿದ್ದಾನೆ ಅಂದುಕೊಳ್ಳಿ. ಚೀಟಿ 52 − 28. ಆಟ ಹೀಗೆ ಸಾಗುತ್ತದೆ.

"ಮೂವತ್ತಾರು ಅಕ್ಕ."

ಅವಳು ಚೀಟಿಯ ಬೆನ್ನು ನೋಡುತ್ತಾಳೆ. 36ರ ಪಕ್ಕ ▲. ಹಲಗೆ ನೋಡಿ ಹೇಳುತ್ತಾಳೆ: "ಎರಡು ಬಿಡಿ ಕಡ್ಡಿ ಕೈಲಿ ಹಿಡ್ಕೋ. ಅದ್ರಲ್ಲಿ ಎಂಟು ನಂಗೆ ಕೊಡು. ಆಗುತ್ತಾ?"

"ಎರಡೇ ಇದೆಯಲ್ಲಕ್ಕ."

ಇಲ್ಲಿ ಅವಳು ಸುಮ್ಮನಿರಬೇಕು. ಹಲಗೆಯ ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರುವುದು ಅದೇ: ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಹತ್ತು ಎಣಿಸು. ಹುಡುಗ ಕೈಯಲ್ಲಿನ ಎರಡು ಕಡ್ಡಿ ನೋಡುತ್ತಾನೆ, ಪಕ್ಕದ ಐದು ಕಟ್ಟು ನೋಡುತ್ತಾನೆ.

"ಇದನ್ನ ಬಿಚ್ಲಾ?"

"ಬಿಚ್ಚು."

ಈಗ ಕೈಯಲ್ಲಿ ಹನ್ನೆರಡು. ಎಂಟು ಎಣಿಸಿ ಅವಳ ಮುಂದೆ ಇಡುತ್ತಾನೆ, ನಾಲ್ಕು ಉಳಿಯುತ್ತವೆ. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಕೊಡುತ್ತಾನೆ. "ಇಪ್ಪತ್ನಾಲ್ಕು." ಆಮೇಲೆ ನೋಟ್ ಬುಕ್ಕಿನಲ್ಲಿ 5ನ್ನು ಹೊಡೆದು 4 ಬರೆದು, 2ನ್ನು 12 ಮಾಡಿ, ಮಾಡಿದ್ದನ್ನೇ ಅಂಕಿಯಲ್ಲಿ ಬರೆಯುತ್ತಾನೆ. ಈ ಬರೆಯುವ ಹೆಜ್ಜೆಯನ್ನು ಬಿಟ್ಟರೆ ಕಡ್ಡಿ ಒಂದು ಆಟ, ನೋಟ್ ಬುಕ್ ಇನ್ನೊಂದು ಲೋಕ ಆಗಿಬಿಡುತ್ತದೆ.

ಅಂಕ, ಮೂರು ಗುಡ್ಡೆ

ಅಂಕದ ಲೆಕ್ಕ ಹೊಸದಾಗಿ ಮಾಡಿದ್ದಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಇಡೀ ತರಗತಿಯನ್ನೇ ಜೋಡಿ ಮಾಡಿ ಕಲಿಸುವ ಪದ್ಧತಿ ರೂಪುಗೊಂಡಾಗ ಬಂದದ್ದು. ಮೊದಲ ಸಲಕ್ಕೇ ಸರಿಯಾದರೆ 2 ಅಂಕ, ತಪ್ಪಾಗಿ ಆಮೇಲೆ ತಿದ್ದಿಕೊಂಡರೆ 1. ತಪ್ಪಿಗೂ ಅಂಕ ಇರುವುದರಿಂದ ತಿದ್ದಿಕೊಳ್ಳುವ ಶ್ರಮ ಪುಕ್ಕಟೆ ಹೋಗುವುದಿಲ್ಲ.

ಅಂಕವನ್ನು ಒಬ್ಬೊಬ್ಬರಿಗೆ ಕೊಡುವುದು ಬೇಡ, ಜೋಡಿಗೆ ಕೊಡಿ. ಆದರೆ ಜೋಡಿಗೆ ಕೊಟ್ಟ ತಕ್ಷಣ ಇನ್ನೊಂದು ತೂತು ಕಾಣಿಸುತ್ತದೆ: ಕೇಳುವ ಮಗುವೇ ಉತ್ತರ ಪಿಸುಗುಟ್ಟಿದರೆ ಇಬ್ಬರಿಗೂ ಲಾಭ. ಇದನ್ನು ಗದರಿಸಿ ನಿಲ್ಲಿಸಲಾಗುವುದಿಲ್ಲ. ನಿಲ್ಲುವುದು ಮೂರು ಗುಡ್ಡೆಯಿಂದ. ಮೊದಲ ಸಲ ಸರಿಯಾದ ಚೀಟಿ ಬಲಗಡೆ, ತಿದ್ದಿಕೊಂಡದ್ದು ನಡುವೆ, ಎರಡು ಸಲ ಪ್ರಯತ್ನಿಸಿದರೂ ಆಗದ್ದು ಎಡಗಡೆ. ಕೊನೆಯಲ್ಲಿ ಪಾಠ ಹೇಳುವವರು ಬಲಗಡೆಯ ಗುಡ್ಡೆಯಿಂದ ಯಾವುದಾದರೂ ಒಂದು ಚೀಟಿ ಎತ್ತಿ ಬಿಡಿಸಿದ ಮಗುವನ್ನೇ ಕೇಳುತ್ತಾರೆ. ಸರಿ ಬಂದರೆ ಗುಡ್ಡೆಯ ಅಂಕವೆಲ್ಲ ಉಳಿಯುತ್ತದೆ, ಬರದಿದ್ದರೆ ಆ ಚೀಟಿ ನಡುವಿನ ಗುಡ್ಡೆಗೆ ಬರುತ್ತದೆ. ಪಿಸುಗುಟ್ಟಿ ಬಲಗಡೆ ತಳ್ಳಿದರೆ ಪ್ರಯೋಜನವಿಲ್ಲ ಎಂದು ಮಕ್ಕಳಿಗೆ ಬೇಗ ಹೊಳೆಯುತ್ತದೆ.

ಒಂದು ಉದಾಹರಣೆ: ಹತ್ತು ನಿಮಿಷದಲ್ಲಿ ಒಂದು ಮಗು 12 ಚೀಟಿ ಬಿಡಿಸಿತು. ಬಲಗಡೆ 7, ನಡುವೆ 4, ಎಡಗಡೆ 1. ಅಂಕ 14 ಮತ್ತು 4, ಒಟ್ಟು 18. ಪಾಠ ಹೇಳುವವರಿಗೆ 18ಕ್ಕಿಂತ ಬೇಕಾದದ್ದು ನಡುವಿನ ನಾಲ್ಕು. ಕೇಳುವ ಮಗು ಆ ಚೀಟಿಗಳ ಗುರುತನ್ನು ಹಾಳೆಯಲ್ಲಿ ಇಳಿಸಿರುತ್ತದೆ: ▲ ● ● ●. ಈ ಮಗುವಿಗೆ ನಾಳೆ ಕಡ್ಡಿ ಬೇಕಿಲ್ಲ. ಕಟ್ಟು ಬಿಚ್ಚಿದ ತಕ್ಷಣ ಮೇಲಿನ ಅಂಕಿಯನ್ನು ಹೊಡೆದು ಹೊಸದನ್ನು ಬರೆಯುವ ಅಭ್ಯಾಸ ಬೇಕು, ಬಿಡಿ ಕಳೆಯುವುದಕ್ಕಿಂತ ಮೊದಲೇ. ನಾಲ್ಕೂ ▲ ಆಗಿದ್ದರೆ ಕಡ್ಡಿಯಿಂದಲೇ ಶುರು. ಹತ್ತು ಜೋಡಿಯ ಈ ಹಾಳೆ ನೋಡಲು ಐದು ನಿಮಿಷ ಸಾಕು.

ಇಡೀ ಆಟಕ್ಕೆ 35 ನಿಮಿಷ ಇಟ್ಟುಕೊಳ್ಳಿ. ಕೂರಲು 3, ಮೊದಲ ಸರದಿ 10, ಅದಲುಬದಲಿಗೆ 2, ಎರಡನೇ ಸರದಿ 10, ಗುಡ್ಡೆ ಎಣಿಸಿ ಕಡ್ಡಿ ಕಟ್ಟಲು 5, ಎಡಗಡೆಯ ಚೀಟಿಗಳನ್ನು ಪಾಠ ಹೇಳುವವರ ಜೊತೆ ನೋಡಲು 5.

ಜೋಡಿ ಮಾಡುವುದು

ಎಲ್ಲರಿಗಿಂತ ಜಾಣರನ್ನು ಎಲ್ಲರಿಗಿಂತ ಹಿಂದಿರುವವರ ಜೊತೆ ಕೂರಿಸುವುದು ಮನಸ್ಸಿಗೆ ಬರುವ ಮೊದಲ ಉಪಾಯ. ಅದು ಸರಿಹೋಗುವುದಿಲ್ಲ. ಒಬ್ಬರಿಗೆ ತಾಳ್ಮೆ ಮುಗಿಯುತ್ತದೆ, ಇನ್ನೊಬ್ಬರಿಗೆ ಬಾಯಿ ಬರುವುದಿಲ್ಲ. ಹತ್ತು ಲೆಕ್ಕದ ಒಂದು ಹಾಳೆ ಮಾಡಿಸಿ, 20 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ಬರೆದು, ನಡುವೆ ಗೆರೆ ಎಳೆಯಿರಿ. 1ನೆಯವರ ಜೊತೆ 11ನೆಯವರು, 2ನೆಯವರ ಜೊತೆ 12ನೆಯವರು, ಹೀಗೆ. ಪ್ರತಿ ಜೋಡಿಯಲ್ಲೂ ಅಂತರ ಇರುತ್ತದೆ, ಆದರೆ ಅತಿಯಾಗುವುದಿಲ್ಲ. ಪಟ್ಟಿಯನ್ನು ಗೋಡೆಗೆ ಹಾಕಬೇಡಿ. ಪಾತ್ರ ಅದಲುಬದಲು ಆಗಲೇಬೇಕು, ಹಿಂದಿರುವ ಮಗುವೂ ಕೇಳಬೇಕು. ಚೀಟಿಯ ಬೆನ್ನ ಮೇಲೆ ಉತ್ತರವೂ ಗುರುತೂ ಇರುವುದರಿಂದ ಅದಕ್ಕೆ ಕೇಳಲು ಆಗುತ್ತದೆ. ತಾನು ಮಾಡುವ ತಪ್ಪೇ ಇನ್ನೊಬ್ಬರ ಬಾಯಲ್ಲಿ ಬಂದು, ಪಕ್ಕದಲ್ಲಿ ▲ ಕಂಡಾಗ ಅದು ಕಲಿಯುವುದು ಬಿಡಿಸುವಾಗ ಕಲಿತದ್ದಕ್ಕಿಂತ ಕಡಿಮೆಯೇನಲ್ಲ.

ಸಂಜೆಯ ಕೇಂದ್ರಕ್ಕೆ ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ತಮ್ಮನನ್ನು ನೋಡಿಕೊಳ್ಳಬೇಕು, ನೀರು ತರಬೇಕು. ತಡವಾಗಿ ಬಂದ ಮಗುವಿಗಾಗಿ ಜೋಡಿ ಒಡೆಯಬೇಡಿ. ಯಾವುದಾದರೂ ಜೋಡಿಗೆ ಮೂರನೆಯವರಾಗಿ ಸೇರಿ ಕಟ್ಟಿನ ಉಸ್ತುವಾರಿ ನೋಡಿಕೊಳ್ಳಲಿ: ಕಟ್ಟು ಕೇಳಿದಾಗ ಬಿಚ್ಚಿ ಕೊಡುವುದು, ಹತ್ತು ಇದೆಯಾ ಎಂದು ತಟ್ಟೆಯಲ್ಲಿ ನೋಡುವುದು. ಮುಂದಿನ ಸರದಿಯಲ್ಲಿ ಬಿಡಿಸುವ ಪಾತ್ರ ಅವರಿಗೆ.

ಎರಡು ವಾರದ ಮೇಲೆ

ಮಕ್ಕಳು ಲೆಕ್ಕ ಬಿಡಿಸದೆ ಚೀಟಿಯನ್ನೇ ಗುರುತು ಹಿಡಿಯಲು ಶುರು ಮಾಡುತ್ತಾರೆ. ಮೂಲೆ ಮಡಚಿದ್ದು 24, ಶಾಯಿ ಚೆಲ್ಲಿದ್ದು 37. ನೋಟ್ ಬುಕ್ಕಿನಲ್ಲಿ ಏನೂ ಬರೆಯದೆ ಬಲಗಡೆ ಗುಡ್ಡೆ ಬೆಳೆಯುತ್ತಿದ್ದರೆ ಇದೇ ಕಾರಣ. ಎರಡು ಬೇರೆ ಕಟ್ಟು ಮಾಡಿ ವಾರಕ್ಕೊಮ್ಮೆ ಬದಲಿಸಿ, ಕೊಳೆಯಾದ ಚೀಟಿ ಹೊಸದಾಗಿ ಬರೆಯಿರಿ.

ಮನೆಗೆ ಐದು ಚೀಟಿ ಕೊಟ್ಟು ಕಳಿಸಬಹುದು, ದೊಡ್ಡವರ ಸಹಾಯ ಬೇಕಾಗುವ ಮನೆಗೆಲಸಕ್ಕಿಂತ ಇದು ಮೇಲು. ಅಂಕಿ ಗುರುತಿಸಲು ಬರುವ ತಂಗಿಯಾದರೂ ಸಾಕು, ಅಮ್ಮನಾದರೂ ಸಾಕು. ಮಗು ಹೇಳಿದ ಸಂಖ್ಯೆ ಬೆನ್ನ ಮೇಲೆ ಎಲ್ಲಿದೆ ನೋಡಿ, "ಚೌಕದಲ್ಲಿ ಇಲ್ಲ, ತ್ರಿಕೋನದ ಹತ್ತಿರ ಇದೆ" ಅಂದರೆ ಮುಂದಿನದು ಮಗುವಿಗೆ ಗೊತ್ತು. ಅವರಿಗೆ ಕಳೆಯಲು ಬರಬೇಕಾಗಿಲ್ಲ.

ಮೂರಂಕಿಗೆ ಇದೇ ಕಟ್ಟನ್ನು ಎಳೆಯಲು ಹೋಗಬೇಡಿ. 402 − 168ರಂಥ ನಡುವೆ ಸೊನ್ನೆ ಇರುವ ಲೆಕ್ಕಕ್ಕೆ ತಪ್ಪಿನ ದಾರಿಗಳೇ ಬೇರೆ. ಸರಿ ಉತ್ತರ 234. ದೊಡ್ಡದರಲ್ಲಿ ಚಿಕ್ಕದು ಕಳೆದರೆ 366. ಸೊನ್ನೆಯನ್ನು 9 ಮಾಡಿ ನೂರರ ಸ್ಥಾನದಲ್ಲಿ ಕಮ್ಮಿ ಮಾಡಲು ಮರೆತರೆ 334. ಸೊನ್ನೆಯನ್ನು ದಾಟಿ ಎರಡು ಸಲವೂ ನೂರರಿಂದಲೇ ತಂದರೆ 144. ಈ ಕೊನೆಯ ಎರಡು ತಪ್ಪಿಗೆ ಹಲಗೆಯಲ್ಲಿ ಹೊಸ ಪ್ರಶ್ನೆ ಬೇಕು, ಹತ್ತು ಕಟ್ಟು ಹಿಡಿಸುವ ಚೀಲವೂ ಬೇಕು. ಚೀಲ ಬಿಚ್ಚಿ ಕಟ್ಟು ತೆಗೆದು, ಆಮೇಲೆ ಕಟ್ಟು ಬಿಚ್ಚಿ ಕಡ್ಡಿ ತೆಗೆಯುವ ಎರಡು ಹೆಜ್ಜೆ ಕೈಯಲ್ಲಿ ಆಗಬೇಕು. ಎರಡಂಕಿಯ ಕಟ್ಟಿನಲ್ಲಿ ▲ ಬೀಳುವುದು ನಿಂತ ಮಕ್ಕಳಿಗೆ ಮಾತ್ರ ಆ ಕಟ್ಟನ್ನು ಕೊಡಿ.